ವರ್ತೂರು ಕೆರೆಯ ಬೆಲೆ ಎಷ್ಟು?

ಬೆಂಗಳೂರಿನ ರಾಚೇನಹಳ್ಳಿ ಕೆರೆಯಿಂದ ಹೆಕ್ಟೇರಿಗೆ ದಿನಕ್ಕೆ 10,435 ರೂಪಾಯಿಯ ಪ್ರಯೋಜನ. ಅದೇ ಊರಿನ ಅಮೃತಹಳ್ಳಿ ಕೆರೆಯಿಂದ ಬರೀ 20 ರೂಪಾಯಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೆಕ್ಕವಿದು. ಮುಂದೆ ವರ್ತೂರು ಕೆರೆಗೆ ಅವರು ಕಟ್ಟಿದ ಬೆಲೆ, ಅದೇ ಲೆಕ್ಕದಲ್ಲಿ, ಸುಮಾರು 119 ರೂಪಾಯಿ. ಕೊಳಚೆ ಸೇರಿದ ಕೆರೆಯಲ್ಲಿ ಜನ ಬಳಸುವಂಥದ್ದು, ಮಾರುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ.

ಪ್ರಕೃತಿಗೆ ಬೆಲೆ ಕಟ್ಟುವ ಈ ವಿದ್ಯೆಗೆ ಮಾರುಕಟ್ಟೆ ದರವೇ ಮೊದಲ ಅಳತೆಗೋಲು. ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತವೆ, ಅವುಗಳ ಬೆಲೆ 5.78 ಕೋಟಿ ರೂಪಾಯಿ ಎಂದು 2008ರ ಅಧ್ಯಯನ ಅಂದಾಜಿಸಿತು. ಕಿಲೋಗೆ ಮೂರು ರೂಪಾಯಿಯೂ ಬೀಳಲಿಲ್ಲ! ಅದರಲ್ಲೂ ಹೆಕ್ಕುವವರ ದುಡಿಮೆ, ದೋಣಿಯ ಖರ್ಚು ಕಳೆದರೆ ಮಾತ್ರ ಅಳಿವೆಯ ನಿಜವಾದ ಪಾಲು ತಿಳಿಯುತ್ತದೆ. ಮರಿಗಳನ್ನೂ ಬಿಡದೆ ಬಾಚಿದ ವರ್ಷ ಮೊತ್ತ ಏರುತ್ತದೆ, ಅಳಿವೆ ಬಡವಾಗುತ್ತದೆ.

ಮಾರಾಟವಾಗದ ಸೇವೆಗೆ ಏನು ಮಾಡುವುದು? 1974ರಲ್ಲಿ ಅಮೆರಿಕದ ಗಾಸ್ಸೆಲಿಂಕ್, ಓಡಮ್ ಮತ್ತು ಪೋಪ್ ಇನ್ನೊಂದು ದಾರಿ ಹಿಡಿದರು: ಜೌಗುನೆಲ ಶುದ್ಧ ಮಾಡುವ ನೀರನ್ನು ಯಂತ್ರಗಳಿಂದ ಶುದ್ಧಗೊಳಿಸಲು ತಗಲುವ ಖರ್ಚೇ ಆ ನೆಲದ ಬೆಲೆ. ನಾಲ್ಕೇ ವರ್ಷಗಳಲ್ಲಿ ಶಾಬ್‌ಮನ್ ಮತ್ತು ಬೇಟಿ ಇದನ್ನು ಪ್ರಶ್ನಿಸಿದರು. ಬದಲಿ ವ್ಯವಸ್ಥೆ ಅದೇ ಸೇವೆ ಕೊಡಬೇಕು, ಲಭ್ಯವಿರುವುದರಲ್ಲಿ ಅಗ್ಗದ್ದಾಗಿರಬೇಕು, ಜೌಗುನೆಲ ಇಲ್ಲವಾದರೆ ಜನ ನಿಜಕ್ಕೂ ಆ ಖರ್ಚು ಹೊರುವಂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಂಕಿ ನಿಲ್ಲದು.

ವರ್ತೂರಿಗೆ ಇದೇ ಕೋಲು ಹಿಡಿದರೆ ಚಿತ್ರ ತಿರುವುಮುರುವು. ಬೆಳ್ಳಂದೂರಿನಿಂದ ಹರಿದುಬರುವ ಕೊಳಚೆ ಹೆಚ್ಚಿದಷ್ಟೂ ಬದಲಿ ಘಟಕದ ಖರ್ಚು ಏರಿ, ಕೆರೆಯ ‘ಮೌಲ್ಯ’ವೂ ಏರುತ್ತದೆ. ಹಾಗಾಗಿ ಕೆರೆಗೆ ಬಂದ ಕೊಳೆಯನ್ನಲ್ಲ, ಒಳಹರಿವು ಮತ್ತು ಹೊರಹರಿವಿನ ನಡುವೆ ನಿಜವಾಗಿ ಕಡಿಮೆಯಾದ ಕೊಳೆಯನ್ನು ಅಳೆಯಬೇಕು. ಕೋಡಿಯಲ್ಲಿ ನೊರೆ ಹಾರುವ ಕೆರೆ ಶುದ್ಧೀಕರಣದ ಮಿತಿ ದಾಟಿದೆ.

ಮೂರನೆಯದು ಜನರನ್ನೇ ಕೇಳುವುದು: ಇದನ್ನು ಉಳಿಸಲು ಎಷ್ಟು ಕೊಡುತ್ತೀರಿ? ಎಕ್ಸಾನ್ ವಾಲ್ಡೀಜ್ ತೈಲ ಸೋರಿಕೆಯ ಬಳಿಕ, 1993ರಲ್ಲಿ ಆರೋ ಮತ್ತು ಸೋಲೋ ನೇತೃತ್ವದ ಸಮಿತಿ, ಮೊತ್ತ ಹೇಳಿ ಹೌದು-ಅಲ್ಲ ಎಂಬ ಉತ್ತರ ಪಡೆಯಿರಿ ಎಂದಿತು. ಅದೇ ಕಾಲದ ಒಂದು ಸಮೀಕ್ಷೆಯಲ್ಲಿ 2,000 ಹಕ್ಕಿಗಳನ್ನು ಉಳಿಸಲು ಜನ ಸರಾಸರಿ 80 ಡಾಲರ್ ಅಂದರೆ, 2,00,000 ಹಕ್ಕಿಗಳಿಗೆ 88 ಡಾಲರ್ ಅಂದರು. ಹಕ್ಕಿಗಳು ನೂರು ಪಟ್ಟಾದರೂ ಉತ್ತರ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ಸವದತ್ತಿಯ ರೇಣುಕಾಸಾಗರದ ಹಿನ್ನೀರಿಗೆ ಇಂಥ ಸಮೀಕ್ಷೆ ನಡೆಸುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಅದರ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದ ಸಂಬಳದ ಮನೆಯವರು ಸುಲಭವಾಗಿ ನೂರಿನ್ನೂರು ರೂಪಾಯಿ ಅನ್ನಬಹುದು; ಹಿನ್ನೀರಿನ ಮೀನನ್ನೇ ನಂಬಿದವರು, ಸುತ್ತಲಿನ ಊರುಗಳ ಕೂಲಿಯವರು ಸೊನ್ನೆ ಅಂದಾರು. ಆ ಸೊನ್ನೆ ಬರಿಗೈಯ ಉತ್ತರ. ಹಣದ ಬದಲು ಎಷ್ಟು ದಿನ ದುಡಿಯುತ್ತೀರಿ ಎಂದು ಕೇಳಿದರೆ ಬೇರೆ ಉತ್ತರ ಬರಬಹುದು. ಮೂರೂ ವಿಧಾನಗಳ ಮೊತ್ತವನ್ನು ಒಟ್ಟಿಗೆ ಕೂಡಿಸಲೂ ಆಗದು: ತಿಳಿಯಾದ ನೀರಿನ ಬೆಲೆ, ಆ ನೀರಿನಲ್ಲೇ ಬೆಳೆದ ಮೀನಿನ ದರದೊಳಗೆ ಆಗಲೇ ಸೇರಿರುತ್ತದೆ.