ಪಂಚಾಯ್ತಿ ಆಡಿಟ್: ಬಲ್ಬಿನ ಬಿಲ್ಲು ಏನು ಹೇಳ್ತದೆ?

ಚಿಕ್ಕೋಡಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕಿನ ಗ್ರಾಮ ಪಂಚಾಯ್ತಿಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ತಪಾಸಣೆ ಮಾಡುತ್ತದೆ. ಆಡಿಟರ್ ಮೊದಲು ಕೇಳೋದು ನಗದು ಪುಸ್ತಕ, ವೋಚರ್, ಬ್ಯಾಂಕ್ ಪಾಸ್‌ಬುಕ್.

ಒಂದು ಉದಾಹರಣೆ ನೋಡ್ರಿ. ಬೀದಿ ದೀಪಕ್ಕೆ 40 ಬಲ್ಬ್, ಒಂದಕ್ಕೆ 450ರಂತೆ 18,000 ರೂಪಾಯಿ ಖರ್ಚು ಎಂದು ನಗದು ಪುಸ್ತಕದಲ್ಲಿದೆ ಅಂದುಕೊಳ್ಳಿ. ವೋಚರ್‌ಗೆ ಅಂಗಡಿ ಬಿಲ್ಲೂ ಹಚ್ಚಿದ್ದಾರೆ. ಆದರೆ ದಾಸ್ತಾನು ವಹಿಯಲ್ಲಿ ಬಂದಿದ್ದು 25 ಬಲ್ಬ್ ಮಾತ್ರ. ಉಳಿದ 15ರ 6,750 ರೂಪಾಯಿಗೆ ಆಕ್ಷೇಪಣೆ ಬೀಳುತ್ತದೆ. ಸರಿಯಾದ ದಾಖಲೆ ಕೊಡದಿದ್ದರೆ ಹೊಣೆಗಾರರಿಂದ ವಸೂಲಿಗೆ ಬರೆಯುತ್ತಾರೆ.

ಬಿಲ್ ನಂಬರೂ ಮಾತಾಡ್ತದೆ. ಜನವರಿ ಬಿಲ್ 41, ಮಾರ್ಚ್ ಬಿಲ್ 42 ಇದ್ದರೆ, ನಡುವೆ ಆ ಅಂಗಡಿಯವರು ಬೇರೆ ಯಾರಿಗೂ ಬಿಲ್ ಹರಿದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಅಂಗಡಿಯವರು ಖಾಲಿ ಬಿಲ್‌ಗೆ ಸಹಿ ಹಾಕಿ ಕೊಡಬಾರದು.

ನಗದು ಪುಸ್ತಕಕ್ಕೂ ಪಾಸ್‌ಬುಕ್‌ಗೂ ಬಾಕಿ ತಾಳೆಯಾಗದಿದ್ದರೆ ಅದೆಲ್ಲಾ ಕಳವು ಅಲ್ಲ. ಕೊಟ್ಟ ಚೆಕ್ ಇನ್ನೂ ಪಾಸಾಗಿರದೇ ಇರಬಹುದು.

ಆಡಿಟ್ ನೋಡೋದು ಹೆಚ್ಚಾಗಿ ಕಾಗದ. ಕಂಬದ ಮೇಲೆ ಬಲ್ಬ್ ಉರೀತದೋ ಇಲ್ಲೋ ಊರವರಿಗೇ ಗೊತ್ತು. ವೋಚರ್ ನಕಲು ಬೇಕಾದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ನಕಲಿನ ಹಣ ಬೇರೆ.