ಬೆಳವಣಿಗೆಯ ನಕ್ಷೆ: ನೋಡಬೇಕಾದದ್ದು ಸ್ಥಾನವೋ, ಗೆರೆಯೋ?

ಮಕ್ಕಳ ಬೆಳವಣಿಗೆಯ ನಕ್ಷೆ ಹುಟ್ಟಿದ್ದು ಒಂದೇ ಒಂದು ಮಗುವಿನಿಂದ. ಫ್ರಾನ್ಸಿನ ಮೋಂಬೆಯಾರ್ ಎಂಬಾತ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಆಗಾಗ ಅಳೆದು ಬರೆದಿಟ್ಟ. ಹೋಲಿಸಲು ಅಲ್ಲಿ ಬೇರೆ ಮಕ್ಕಳೇ ಇರಲಿಲ್ಲ. ಬಾಸ್ಟನ್ನಿನ ಶಾಲಾಮಕ್ಕಳನ್ನು ಅಳೆಸಿದ ಹೆನ್ರಿ ಬೌಡಿಚ್ 1891ರಲ್ಲಿ ಪರ್ಸೆಂಟೈಲ್ ಲೆಕ್ಕ ತಂದ ಮೇಲೆ ಮಗುವಿಗೊಂದು ಸ್ಥಾನ ಸಿಕ್ಕಿತು. ನೂರು ಮಕ್ಕಳ ಸಾಲಿನಲ್ಲಿ ನಿಮ್ಮದು ಎಷ್ಟನೆಯದು ಎಂಬ ಪ್ರಶ್ನೆ ಅಲ್ಲಿಂದ ಬಂದದ್ದು.

ಒಂದೇ ಮಗುವಿನ ಗೆರೆಯನ್ನು ಮತ್ತೆ ಮುಂದಕ್ಕೆ ತಂದವರು ಡೇವಿಡ್ ಮೋರ್ಲಿ. ನೈಜೀರಿಯಾದ ಹಳ್ಳಿಗಳಲ್ಲಿ ಕೆಲಸ ಮಾಡಿದ ಈ ವೈದ್ಯರು ತೂಕದ ಕಾರ್ಡನ್ನು ತಾಯಿಯ ಕೈಗೇ ಕೊಟ್ಟರು. ನಮ್ಮಲ್ಲಿ 1975ರಲ್ಲಿ, ಕರ್ನಾಟಕದ ಮಟ್ಟಿಗೆ ಟಿ. ನರಸೀಪುರದಲ್ಲಿ, ಅಂಗನವಾಡಿ ಯೋಜನೆ ಆರಂಭವಾದಾಗ ನಕ್ಷೆಯೂ ಬಂತು. ಅದು ಅಮೆರಿಕದ ಮಕ್ಕಳ ಅಳತೆಗೆ ನಿಂತಿತ್ತು. 2006ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ದೆಹಲಿಯೂ ಸೇರಿ ಆರು ಊರುಗಳ, ಎದೆಹಾಲು ಕುಡಿದ ಮಕ್ಕಳನ್ನು ಆಧರಿಸಿದ್ದು. ಕಾಪು, ಕಾರ್ಕಳದ ಅಂಗನವಾಡಿಗಳಲ್ಲಿ ಈಗ ನಡೆಯುವುದು ಇದೇ.

ಕಾಪುವಿನಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದುಕೊಳ್ಳಿ. ಮೊದಲನೆಯವಳ ತೂಕ ಮೂರನೇ ತಿಂಗಳಲ್ಲಿ 4.6 ಕಿಲೋ, ಆರಕ್ಕೆ 5.8, ಒಂಬತ್ತಕ್ಕೆ 6.6, ವರ್ಷಕ್ಕೆ 7.1. ಎಲ್ಲ ಚುಕ್ಕೆಯೂ 3ನೇ ಪರ್ಸೆಂಟೈಲ್ ಗೆರೆಯ ಮೇಲೇ ಇವೆ. ಎರಡನೆಯವಳದು 5.8, 7.3, 7.4, 7.6. ವರ್ಷದ ದಿನ ಇಬ್ಬರನ್ನೂ ತೂಗಿದರೆ ಎರಡನೆಯವಳೇ ಭಾರ, ಇಬ್ಬರೂ ಹಸಿರು ಪಟ್ಟಿಯಲ್ಲೇ. ಆದರೆ ಆರು ತಿಂಗಳಲ್ಲಿ ಸುಮಾರು ಒಂದೂವರೆ ಕಿಲೋ ಏರಬೇಕಿದ್ದವಳು ಏರಿದ್ದು 300 ಗ್ರಾಂ. ನಟ್ಟನಡುವಿನ ಗೆರೆಯಿಂದ ಜಾರಿ 15ನೇ ಪರ್ಸೆಂಟೈಲಿಗೂ ಕೆಳಗೆ ಬಂದಿದ್ದಾಳೆ. ವೈದ್ಯರು ವಿಚಾರಿಸಬೇಕಾದದ್ದು ಮೊದಲು ಇವಳನ್ನು. ಆರು ತಿಂಗಳ ನಂತರ ಹೀಗಾದರೆ ಮೊದಲ ಅನುಮಾನ ಊಟದ ಮೇಲೆ: ರಾಗಿ ಮಣ್ಣಿ ಗಟ್ಟಿಯಾಗಿತ್ತೋ, ಬರೀ ಗಂಜಿತಿಳಿ ಕೊಟ್ಟರೋ? ಆಮೇಲೆ ಭೇದಿ, ಪದೇಪದೇ ಜ್ವರ.

ಹಾಗೆಂದು ಮೊದಲನೆಯವಳನ್ನು ಬಿಟ್ಟುಬಿಡುವಂತಿಲ್ಲ. ಅಪ್ಪ ಅಮ್ಮನ ಎತ್ತರ, ಮಗುವಿನ ಉದ್ದ ಒಮ್ಮೆ ನೋಡಬೇಕು. ದಿನ ತುಂಬುವ ಮೊದಲೇ ಹುಟ್ಟಿದ್ದರೆ ವಯಸ್ಸನ್ನು ತಿದ್ದಿ ಚುಕ್ಕೆ ಇಡಬೇಕು. ಗೆರೆ ದಾಟಿದ್ದೆಲ್ಲ ರೋಗವೂ ಅಲ್ಲ. ಮೊದಲೆರಡು ವರ್ಷ ಎಷ್ಟೋ ಮಕ್ಕಳು ಹೆತ್ತವರ ಮೈಕಟ್ಟಿಗೆ ಹೊಂದುವ ಗೆರೆಗೆ ಮೆಲ್ಲನೆ ಸರಿಯುತ್ತವೆ. ಒಂದೇ ಚುಕ್ಕೆ ಧಡಕ್ಕನೆ ಕೆಳಗೆ ಬಿದ್ದಿದ್ದರೆ ಮೊದಲು ತಕ್ಕಡಿ ಸೊನ್ನೆಗಿತ್ತೇ, ಹಿಂದಿನ ಸಲ ಬಟ್ಟೆ ಸಮೇತ ತೂಗಿದ್ದರೇ ನೋಡಿ, ಮತ್ತೊಮ್ಮೆ ತೂಗಿ.

ಮುಂದಿನ ಸಲ ಮಣಿಪಾಲಕ್ಕೋ ಉಡುಪಿಗೋ ಮಗುವನ್ನು ತೋರಿಸಲು ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಹಳೆಯ ಚುಕ್ಕೆಗಳಿಲ್ಲದೆ ವೈದ್ಯರಿಗೂ ಕಾಣುವುದು ಆ ದಿನದ ತೂಕ ಮಾತ್ರ.