ಉಮ್ರಾ ಮತ್ತು ಹಜ್ಜ್: ಕ್ರಿ. ಶ. 632ರ ಯಾತ್ರೆಯ ಬೆಳಕಿನಲ್ಲಿ

ಮಕ್ಕಾ ನಗರದ ಯಾತ್ರೆಗಳಲ್ಲಿ ಹಜ್ಜ್ ಹಿರಿಯದು, ಉಮ್ರಾ ಕಿರಿಯದು ಎಂದು ಹೇಳುವುದು ವಾಡಿಕೆ. ಇವೆರಡರ ಅಂತರವು ಕೇವಲ ವಿಧಿಗಳ ಸಂಖ್ಯೆಯಲ್ಲಿದೆಯೆಂದು ಭಾವಿಸುವುದು ಸರಿಯಲ್ಲ. ಕಾಲ ಮತ್ತು ಸ್ಥಳಗಳೊಡನೆ ಇವೆರಡಕ್ಕೂ ಇರುವ ಸಂಬಂಧವೇ ಬೇರೆಬೇರೆ. ಇದನ್ನು ಪೈಗಂಬರ್ ಮಹಮ್ಮದರ ಕೊನೆಯ ಯಾತ್ರೆಯ ಪ್ರಸಂಗದ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ವಿಧಿಗಳನ್ನು ನೋಡೋಣ. ಉಮ್ರಾ ಕೈಗೊಳ್ಳುವವನು ಮೀಕಾತ್ ಎಂಬ ಗೊತ್ತಾದ ಎಲ್ಲೆಯಲ್ಲಿ ಸಂಕಲ್ಪ ಮಾಡಿ ಇಹ್ರಾಮ್ ಎಂಬ ನಿಯಮಬದ್ಧ ಸ್ಥಿತಿಯನ್ನು ಪ್ರವೇಶಿಸುತ್ತಾನೆ. ಪುರುಷರು ಆಗ ಹೊಲಿಗೆಯಿಲ್ಲದ ಎರಡು ವಸ್ತ್ರಗಳನ್ನು ಧರಿಸುತ್ತಾರೆ. ಅನಂತರ ಕಾಬಾವನ್ನು ಏಳು ಸಲ ಪ್ರದಕ್ಷಿಣೆ ಮಾಡಿ, ಸಫಾ ಮರ್ವಾ ದಿಬ್ಬಗಳ ನಡುವೆ ಏಳು ಸಲ ನಡೆದು, ತಲೆಗೂದಲನ್ನು ಬೋಳಿಸಿ ಅಥವಾ ಕತ್ತರಿಸಿಕೊಂಡರೆ ಉಮ್ರಾ ಮುಗಿಯಿತು. ಕೆಲವು ತಾಸುಗಳೇ ಇದಕ್ಕೆ ಸಾಕು. ಹಜ್ಜಿನಲ್ಲಿಯೂ ಈ ವಿಧಿಗಳುಂಟು. ಆದರೆ ಅದರ ಹೃದಯವು ಮಕ್ಕಾದ ಹೊರಗಿದೆ. ಜುಲ್‌ಹಿಜ್ಜಾ ಮಾಸದ 8ರಂದು ಯಾತ್ರಿಕರು ಮಿನಾಕ್ಕೆ ತೆರಳಿ, 9ರಂದು ಅರಫಾತ್ ಬಯಲಿನಲ್ಲಿ ನಿಂತು, ಆ ರಾತ್ರಿಯನ್ನು ಮುಜ್‌ದಲಿಫಾದಲ್ಲಿ ಕಳೆಯುತ್ತಾರೆ. 10ರಿಂದ ಮಿನಾದಲ್ಲಿ ಕಲ್ಲೆಸೆತ, ಬಲಿ, ಕೇಶಮುಂಡನಗಳೂ, ಕಾಬಾದ ಮುಖ್ಯ ಪ್ರದಕ್ಷಿಣೆಯೂ ನಡೆಯುತ್ತವೆ. ಅರಫಾತಿನ ನಿಲುವು ತಪ್ಪಿದವನಿಗೆ ಆ ವರ್ಷದ ಹಜ್ಜ್ ತಪ್ಪಿಹೋಯಿತು. ಮತ್ತೊಂದು ವರ್ಷವನ್ನೇ ಅವನು ಕಾಯಬೇಕು. ಉಮ್ರಾಕ್ಕಾದರೋ ಇಂತಹ ದಿನದ ಕಟ್ಟಿಲ್ಲ. ವರ್ಷದ ಯಾವ ಕಾಲದಲ್ಲಾದರೂ ಅದನ್ನು ನೆರವೇರಿಸಬಹುದು. ಜುಲ್‌ಹಿಜ್ಜಾ 9ರಿಂದ 13ರವರೆಗಿನ ದಿನಗಳಲ್ಲಿ ಮಾತ್ರ ಅದು ತರವಲ್ಲವೆಂದು ಹನಫೀ ಪಂಥದವರು ಹೇಳುತ್ತಾರೆ.

ಈ ಸ್ವಾತಂತ್ರ್ಯವು ಮೊದಲಿನಿಂದಲೂ ಇದ್ದುದಲ್ಲ. ಇಸ್ಲಾಮಿಗೆ ಹಿಂದಿನ ಅರಬರು ಹಜ್ಜಿನ ಮಾಸಗಳಲ್ಲಿ ಉಮ್ರಾ ಮಾಡುವುದನ್ನು ಘೋರ ಪಾಪವೆಂದೆಣಿಸಿದ್ದರೆಂದು ಹದೀಸ್ ಸಂಗ್ರಹಗಳು ತಿಳಿಸುತ್ತವೆ. ಪೈಗಂಬರರ ಉಮ್ರಾಗಳು ಈ ನಂಬಿಕೆಗೆ ವಿರುದ್ಧವಾಗಿ ನಡೆದವು. ಕ್ರಿ. ಶ. 628ರಲ್ಲಿ ಸುಮಾರು 1,400 ಅನುಯಾಯಿಗಳೊಡನೆ ಹೊರಟ ಅವರನ್ನು ಕುರೈಷರು ಹುದೈಬಿಯಾದಲ್ಲಿ ತಡೆದರು. ಒಪ್ಪಂದದಂತೆ ಅವರು ಅಲ್ಲಿಯೇ ಬಲಿಯರ್ಪಿಸಿ ಹಿಂದಿರುಗಿ, ಮರುವರ್ಷ ಮೂರು ದಿನಗಳ ಅವಧಿಯಲ್ಲಿ ಉಮ್ರಾ ನೆರವೇರಿಸಿದರು. 630ರಲ್ಲಿ ಜಿಅರಾನಾದಿಂದ ಇನ್ನೊಂದು ಉಮ್ರಾ ನಡೆಯಿತು. ಇವೆಲ್ಲವೂ ಹಜ್ಜಿನ ಮಾಸಗಳಲ್ಲೊಂದಾದ ಜುಲ್‌ಕಾದಾದಲ್ಲಿಯೇ ನಡೆದವೆಂಬುದು ಗಮನಾರ್ಹ.

ಹಳೆಯ ಭಾವನೆಯು ಆದರೂ ಅಳಿದಿರಲಿಲ್ಲ. 632ರ ಯಾತ್ರೆಯಲ್ಲಿ ಅದು ಬಹಿರಂಗವಾಯಿತು. ಹಜ್ಜಿಗೆಂದೇ ಬಂದವರಲ್ಲಿ ಬಲಿಪಶುಗಳನ್ನು ಜೊತೆಗೆ ತಾರದವರು ಮಕ್ಕಾದಲ್ಲಿ ಉಮ್ರಾ ಮುಗಿಸಿ ಇಹ್ರಾಮನ್ನು ಕಳೆಯಬೇಕೆಂದೂ, ಹಜ್ಜಿಗಾಗಿ ಅದನ್ನು ಮತ್ತೆ ಧರಿಸಬೇಕೆಂದೂ ಪೈಗಂಬರರು ಆಜ್ಞಾಪಿಸಿದರು. ಅನೇಕರು ಹಿಂಜರಿದರು, ಏಕೆಂದರೆ ಅವರು ಸ್ವತಃ ಇಹ್ರಾಮನ್ನು ಕಳೆಯಲಿಲ್ಲ. ತಾವು ಪಶುಗಳನ್ನು ತಂದಿರುವುದರಿಂದ ಬಲಿಯಾಗುವವರೆಗೆ ಬಿಡುವಂತಿಲ್ಲ, ಇಲ್ಲವಾದರೆ ತಾವೂ ಹಾಗೆಯೇ ಮಾಡುತ್ತಿದ್ದೆವೆಂದು ಅವರು ವಿವರಿಸಿದರು. ಈ ಅನುಮತಿ ಆ ವರ್ಷಕ್ಕೆ ಮಾತ್ರವೇ ಎಂದು ಸುರಾಕಾ ಎಂಬುವರು ಕೇಳಲು, ಶಾಶ್ವತವೆಂಬ ಉತ್ತರ ಬಂದಿತು. ಹೀಗೆ ಉಮ್ರಾ ಮುಗಿಸಿ, ನಡುವೆ ಬಿಡುವು ಪಡೆದು ಹಜ್ಜ್ ಮಾಡುವ ಕ್ರಮಕ್ಕೆ ತಮತ್ತು ಎಂದು ಹೆಸರು. ಎರಡನ್ನೂ ಒಂದೇ ಇಹ್ರಾಮಿನಲ್ಲಿ ಮಾಡುವುದು ಕಿರಾನ್. ಹಜ್ಜೊಂದನ್ನೇ ಮಾಡುವುದು ಇಫ್ರಾದ್. ಮೊದಲೆರಡು ಕ್ರಮಗಳಲ್ಲಿ ಹೊರನಾಡಿನ ಯಾತ್ರಿಕನು ಬಲಿಯನ್ನು ಕೊಡಬೇಕು. ಶಕ್ತಿಯಿಲ್ಲದವನು ಹಜ್ಜಿನಲ್ಲಿ 3, ಊರಿಗೆ ಮರಳಿ 7 ದಿನ ಉಪವಾಸವಿರಬೇಕು. ಮುಂದೆ ಖಲೀಫ ಉಮರರು ಜನರು ಉಮ್ರಾಕ್ಕಾಗಿ ಪ್ರತ್ಯೇಕವಾಗಿ ಬರಲೆಂದು ತಮತ್ತು ಕ್ರಮವನ್ನು ನಿರುತ್ತೇಜಿಸಿದರೆಂಬುದರಿಂದ, ಪ್ರಶ್ನೆಯು ಬೇಗನೆ ಇತ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ.

ಅದೇ ಯಾತ್ರೆಯಲ್ಲಿ ಪೈಗಂಬರರ ಪತ್ನಿ ಆಯಿಷಾ ಅವರು ಉಮ್ರಾ ಸಂಕಲ್ಪದಿಂದ ಹೊರಟು, ಮಕ್ಕಾಕ್ಕೆ ಸಮೀಪದ ಸರಿಫ್‌ನಲ್ಲಿ ರಜಸ್ವಲೆಯಾದರು. ಪ್ರದಕ್ಷಿಣೆಯೊಂದನ್ನುಳಿದು ಯಾತ್ರಿಕರ ಎಲ್ಲ ವಿಧಿಗಳನ್ನೂ ಮಾಡಬಹುದೆಂದು ಅವರಿಗೆ ತಿಳಿಸಲಾಯಿತು. ಅವರು ಅರಫಾತಿಗೆ ಹೋಗಿ, ಶುದ್ಧರಾದ ಮೇಲೆ ಪ್ರದಕ್ಷಿಣೆ ಮಾಡಿದರು. ಉಳಿದವರು ಎರಡು ಯಾತ್ರೆಗಳೊಡನೆ ಮರಳುತ್ತಿರುವಾಗ ತಾವು ಒಂದರೊಡನೆ ಮರಳಬೇಕೇ ಎಂದು ಅವರು ನೊಂದಾಗ, ಸಹೋದರ ಅಬ್ದುರ್ರಹಮಾನರೊಡನೆ ಅವರನ್ನು ತನ್‌ಈಮಿಗೆ ಕಳುಹಿಸಿ ಅಲ್ಲಿಂದ ಉಮ್ರಾ ಮಾಡಿಸಲಾಯಿತು. ತನ್‌ಈಮ್ ಹರಮ್ ಎಂಬ ಪವಿತ್ರ ಕ್ಷೇತ್ರದ ಗಡಿಯ ಹೊರಗಿದೆ. ಮಕ್ಕಾದಲ್ಲಿರುವವನು ಹಜ್ಜಿಗೆ ತನ್ನ ಮನೆಯಿಂದಲೇ ಇಹ್ರಾಮ್ ಧರಿಸಬಹುದು. ಉಮ್ರಾಕ್ಕೆ ಮಾತ್ರ ಗಡಿಯ ಹೊರಗೆ ಹೋಗಲೇಬೇಕು. ಕಾರಣವನ್ನು ಧರ್ಮಶಾಸ್ತ್ರಜ್ಞರು ಹೀಗೆ ಹೇಳುತ್ತಾರೆ: ಅರಫಾತ್ ಹರಮಿನ ಹೊರಗಿರುವುದರಿಂದ ಹಜ್ಜಿನಲ್ಲಿ ಒಳಹೊರಗುಗಳೆರಡೂ ಸೇರಿವೆ, ಉಮ್ರಾದ ವಿಧಿಗಳೆಲ್ಲವೂ ಒಳಗೇ ಇರುವುದರಿಂದ ಅದರ ಆರಂಭವಾದರೂ ಹೊರಗಿನಿಂದಾಗಬೇಕು.

ಅರ್ಹತೆಯ ವಿಷಯದಲ್ಲಿ ಹಜ್ಜಿನ ನಿಯಮ ಸ್ಪಷ್ಟವಾಗಿದೆ. ಪ್ರಾಪ್ತವಯಸ್ಕನೂ ಸ್ವಸ್ಥಚಿತ್ತನೂ ಪ್ರಯಾಣಕ್ಕೆ ಶಕ್ತನೂ ಆದ ಮುಸ್ಲಿಮನಿಗೆ ಅದು ಜೀವಿತದಲ್ಲಿ ಒಮ್ಮೆ ಕಡ್ಡಾಯ. ಬಾಲಕನು ಹಜ್ಜ್ ಮಾಡಿದರೂ ಪ್ರಾಪ್ತವಯಸ್ಕನಾದ ಮೇಲೆ ಆ ಕರ್ತವ್ಯ ಉಳಿದೇ ಇರುತ್ತದೆ. ಉಮ್ರಾದ ವಿಷಯದಲ್ಲಿ ಪಂಥಗಳು ಬೇರೆಯಾಗುತ್ತವೆ: ಶಾಫಿಈ ಮತ್ತು ಹಂಬಲೀ ಪಂಥಗಳಲ್ಲಿ ಅದೂ ಒಮ್ಮೆ ಕಡ್ಡಾಯ, ಹನಫೀ ಮತ್ತು ಮಾಲಿಕೀ ಪಂಥಗಳಲ್ಲಿ ಸುನ್ನತ್. ಆದರೆ ಎಷ್ಟು ಉಮ್ರಾಗಳನ್ನು ಮಾಡಿದರೂ ಶಕ್ತನಾದವನ ಹಜ್ಜಿನ ಋಣ ತೀರದೆಂಬುದರಲ್ಲಿ ನಾಲ್ಕು ಪಂಥಗಳಿಗೂ ಏಕಾಭಿಪ್ರಾಯವಿದೆ.